ಕೇಳಿದ ಮಾತು, ಕಾಣದ ಸಾಕ್ಷಿ

ಅನುಶ್ರುತ ಸಾಕ್ಷ್ಯ, ವಕೀಲರ ಬಾಯಲ್ಲಿ ‘ಹಿಯರ್‌ಸೇ’, ಎಂದರೆ ಸಾಕ್ಷಿಯಾದವನು ತಾನು ಕಂಡದ್ದನ್ನಲ್ಲ, ಬೇರೆಯವರು ಕಂಡು ತನಗೆ ಹೇಳಿದ್ದನ್ನು ನ್ಯಾಯಾಲಯದ ಮುಂದೆ ಒಪ್ಪಿಸುವುದು. ಲೋಕದ ವ್ಯವಹಾರ ಬಹುಪಾಲು ಇಂಥ ಮಾತಿನ ಮೇಲೆಯೇ ನಡೆಯುತ್ತದೆ. ಹೆಣ್ಣು ಕೊಡುವವರು ಗಂಡಿನ ಮನೆತನದ ಬಗ್ಗೆ ವಿಚಾರಿಸುವುದು, ಸಾಲ ಕೊಡುವವರು ಕೇಳಲು ಬಂದವನ ನಡತೆ ತಿಳಿದುಕೊಳ್ಳುವುದು ಎಲ್ಲವೂ ಅವರಿವರಿಂದ ಕೇಳಿಯೇ. ಹಾಗಿರುವಾಗ ನ್ಯಾಯಾಲಯ ಮಾತ್ರ ಏಕೆ ಹಿಂಜರಿಯುತ್ತದೆ? ಕೇಳಿದ್ದೆಲ್ಲ ಸುಳ್ಳೇ ಆಗಿರುತ್ತದೆ ಎಂದು ಕಾನೂನು ಭಾವಿಸಿಲ್ಲ. ಎಷ್ಟೋ ಸಲ ಅದು ನಿಜವೇ ಆಗಿರುತ್ತದೆ. ಆದರೆ ನಿಜವೋ ಸುಳ್ಳೋ ಎಂದು ಪರೀಕ್ಷಿಸಬೇಕಾದರೆ ಯಾರನ್ನು ಪ್ರಶ್ನಿಸಬೇಕೋ ಆ ವ್ಯಕ್ತಿ ಅಲ್ಲಿರುವುದಿಲ್ಲ. ತೊಡಕು ಇರುವುದು ಅಲ್ಲಿ.

ಒಂದು ಹಳ್ಳಿಯ ಹೊಲದಿಂದ ರಾತ್ರಿ ಪಂಪ್‌ಸೆಟ್ ಕಳವಾಯಿತು ಎಂದುಕೊಳ್ಳಬಹುದು. ನಸುಕಿನಲ್ಲಿ ಡೈರಿಗೆ ಹಾಲು ಹಾಕಲು ಹೊರಟಿದ್ದ ಹೆಂಗಸೊಬ್ಬಳು ಪಕ್ಕದ ಹೊಲದವನು ಪಂಪನ್ನು ಗಾಡಿಗೆ ಹೇರುತ್ತಿದ್ದುದನ್ನು ಕಂಡಳು, ಅದನ್ನು ಅಂಗಡಿಯವನಿಗೆ ಹೇಳಿದಳು. ಮೊಕದ್ದಮೆ ನಡೆದಾಗ ಸಾಕ್ಷಿ ಹೇಳಲು ಬಂದವನು ಅಂಗಡಿಯವನು. ಅವನು ಪ್ರಾಮಾಣಿಕ, ಕೇಳಿದ್ದನ್ನು ಒಂದಕ್ಷರ ಬದಲಿಸದೆ ಹೇಳುತ್ತಾನೆ ಎಂದೇ ಇಟ್ಟುಕೊಂಡರೂ ಆರೋಪಿಯ ಪರ ವಕೀಲರ ಕೈ ಕಟ್ಟಿಹೋಗುತ್ತದೆ. ಆಗ ಎಷ್ಟು ಬೆಳಕಿತ್ತು, ಗಾಡಿ ಎಷ್ಟು ದೂರದಲ್ಲಿತ್ತು, ಮುಖ ಕಂಡಿತೋ ಬೆನ್ನು ಕಂಡಿತೋ, ಹೇರುತ್ತಿದ್ದುದು ಅದೇ ಪಂಪೋ ಅಥವಾ ಆರೋಪಿಯ ಸ್ವಂತದ್ದೋ, ಅವಳ ಮನೆಗೂ ಆರೋಪಿಯ ಮನೆಗೂ ಬದುವಿನ ಜಗಳ ಇತ್ತೋ ಇಲ್ಲವೋ ಎಂಬ ಯಾವ ಪ್ರಶ್ನೆಗೂ ಅಂಗಡಿಯವನಲ್ಲಿ ಉತ್ತರವಿಲ್ಲ. ಪ್ರತಿಯೊಂದಕ್ಕೂ ಅವನು ಕೊಡಬಹುದಾದ ಉತ್ತರ ಒಂದೇ: ಆಕೆ ಹಾಗೆ ಹೇಳಿದಳು. ನಿಜವಾದ ಸಾಕ್ಷಿ ಆ ಹೆಂಗಸು. ಅಂಗಡಿಯವನು ಅವಳ ಮಾತನ್ನು ಹೊತ್ತು ತಂದವನು ಅಷ್ಟೆ.

ಒಬ್ಬರ ಮಾತು ತಪ್ಪಾಗಲು ನಾಲ್ಕು ಕಡೆ ಅವಕಾಶವಿದೆ. ಕಾಣುವಾಗಲೇ ತಪ್ಪು ಕಂಡಿರಬಹುದು, ನೆನಪು ಕೈಕೊಟ್ಟಿರಬಹುದು, ಹೇಳುವಾಗ ಮಾತು ಅಡ್ಡಾದಿಡ್ಡಿಯಾಗಿರಬಹುದು, ಅಥವಾ ಬೇಕೆಂದೇ ಸುಳ್ಳು ಹೇಳಿರಬಹುದು. ನೇರ ಸಾಕ್ಷಿ ಕಟಕಟೆಯಲ್ಲಿ ನಿಂತಾಗ ಈ ನಾಲ್ಕನ್ನೂ ಕೆದಕಿ ನೋಡಲು ಸಾಧ್ಯ. ಅವನು ಪ್ರಮಾಣ ಮಾಡಿರುತ್ತಾನೆ, ಸುಳ್ಳು ಹೇಳಿದರೆ ಶಿಕ್ಷೆಯ ಭಯವಿರುತ್ತದೆ, ತಡವರಿಸಿದರೆ ನ್ಯಾಯಾಧೀಶರ ಕಣ್ಣಿಗೆ ಬೀಳುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಎದುರು ಪಕ್ಷದ ವಕೀಲರ ಪಾಟೀ ಸವಾಲಿಗೆ ಅವನು ತಲೆಯೊಡ್ಡಬೇಕು. ಬೇರೊಬ್ಬನ ಮೂಲಕ ಬಂದ ಮಾತಿಗೆ ಈ ಯಾವ ಪರೀಕ್ಷೆಯೂ ತಗಲುವುದಿಲ್ಲ. ಅದರ ಮೇಲೆ ಕೇಳಿಸಿಕೊಂಡವನ ಕಿವಿ, ನೆನಪು, ನಾಲಿಗೆಗಳ ದೋಷವೂ ಸೇರಿಕೊಳ್ಳುತ್ತದೆ. ಇವುಗಳಲ್ಲಿ ಪಾಟೀ ಸವಾಲಿನದೇ ಹೆಚ್ಚಿನ ತೂಕ. ಮುಖ ನೋಡಿ ಸತ್ಯ ಕಂಡುಹಿಡಿಯುತ್ತೇವೆ ಎಂಬ ಭರವಸೆ ಅನುಭವಿ ನ್ಯಾಯಾಧೀಶರಲ್ಲೂ ಅಷ್ಟೇನೂ ಇರುವುದಿಲ್ಲ. ಬೆವರುವವನೆಲ್ಲ ಸುಳ್ಳುಗಾರನಲ್ಲ, ಕೋರ್ಟಿನ ಮೆಟ್ಟಿಲು ಮೊದಲ ಸಲ ಹತ್ತಿದವನೂ ಬೆವರುತ್ತಾನೆ.

ಇಂಗ್ಲೆಂಡಿನಲ್ಲಿ ಈ ನಿಯಮ ಬೇರೂರುವ ಮೊದಲು ವಿಚಾರಣೆಗಳು ಹೇಗಿದ್ದವು ಎಂಬುದಕ್ಕೆ 1603ರಲ್ಲಿ ವಿಂಚೆಸ್ಟರ್‌ನಲ್ಲಿ ನಡೆದ ಸರ್ ವಾಲ್ಟರ್ ರಾಲಿಯ ಪ್ರಕರಣವನ್ನು ಕಾನೂನು ಪಾಠಗಳಲ್ಲಿ ಇಂದಿಗೂ ಹೇಳುತ್ತಾರೆ. ದೊರೆ ಒಂದನೇ ಜೇಮ್ಸ್ ವಿರುದ್ಧ ಸಂಚು ಹೂಡಿದ ಆರೋಪ ಅವನ ಮೇಲಿತ್ತು. ಮುಖ್ಯ ಆಧಾರ ಲಾರ್ಡ್ ಕೋಬಮ್ ಎಂಬಾತ ಸೆರೆಯಲ್ಲಿದ್ದಾಗ ಕೊಟ್ಟ ಹೇಳಿಕೆ. ಕೋಬಮ್‌ನನ್ನು ಎದುರಿಗೆ ಕರೆಸಿ, ಅವನು ನನ್ನ ಮುಖ ನೋಡಿ ಹೇಳಲಿ ಎಂದು ರಾಲಿ ಮತ್ತೆ ಮತ್ತೆ ಕೇಳಿಕೊಂಡ. ಕರೆಸಲಿಲ್ಲ, ಹೇಳಿಕೆಯನ್ನು ಓದಿ ಮುಗಿಸಿದರು. ಅದಕ್ಕಿಂತ ವಿಚಿತ್ರವಾದ ಸಾಕ್ಷಿ ಡಯರ್ ಎಂಬ ಹಡಗಿನ ಮಾರ್ಗದರ್ಶಕ. ಲಿಸ್ಬನ್ನಿನಲ್ಲಿದ್ದಾಗ ಒಬ್ಬ ಪೋರ್ಚುಗೀಸ್ ಗೃಹಸ್ಥ, ರಾಲಿಯೂ ಕೋಬಮ್ಮೂ ದೊರೆಯ ಕತ್ತು ಕೊಯ್ಯುತ್ತಾರೆ ಎಂದು ಮಾತಾಡಿದ್ದನ್ನು ಕೇಳಿದೆ ಎಂದು ಅವನು ಹೇಳಿದ. ಆ ಗೃಹಸ್ಥ ಯಾರು, ಅವನಿಗೆ ಅದು ಹೇಗೆ ಗೊತ್ತು ಎಂದು ಕೇಳುವವರಿರಲಿಲ್ಲ. ರಾಲಿಗೆ ಮರಣದಂಡನೆ ವಿಧಿಸಲಾಯಿತು. ಬಹುಕಾಲ ಸೆರೆಯಲ್ಲಿಟ್ಟು, ಕೊನೆಗೆ 1618ರಲ್ಲಿ ಅವನ ತಲೆ ತೆಗೆದರು.

ನಮ್ಮ ಧರ್ಮಶಾಸ್ತ್ರಕಾರರಿಗೂ ಈ ವಿಚಾರ ಹೊಸದಲ್ಲ. ತಾನೇ ಕಂಡವನು, ತಾನೇ ಕೇಳಿದವನು ಸಾಕ್ಷಿ ಎಂಬುದು ಮನುಸ್ಮೃತಿಯ ವ್ಯವಹಾರ ಭಾಗದಲ್ಲಿದೆ. ಕೇಳುವುದು ಎಂದರೆ ಇಲ್ಲಿ ಸಾಲದ ಮಾತುಕತೆಯಂಥದ್ದನ್ನು ಎದುರಿಗೇ ಇದ್ದು ಕೇಳುವುದು. ಗೊತ್ತುಪಡಿಸಿದ ಸಾಕ್ಷಿ ಸತ್ತರೆ ಅಥವಾ ದೇಶಾಂತರ ಹೋದರೆ ಅವನು ಹೇಳಿದ್ದನ್ನು ಕೇಳಿಸಿಕೊಂಡವರ ಮಾತು ಪ್ರಮಾಣವಾಗುತ್ತದೆ ಎಂದು ವಿಷ್ಣುಸ್ಮೃತಿ ಒಂದು ವಿನಾಯಿತಿಯನ್ನೂ ಕೊಡುತ್ತದೆ. ಇಂದಿನ ಕಾನೂನಿನ ಚೌಕಟ್ಟು ಬಂದದ್ದು ಅಲ್ಲಿಂದಲ್ಲ, ಆದರೂ ಎರಡೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ನಿಂತಿವೆ.

ಭಾರತದಲ್ಲಿ ಈಗ ಜಾರಿಯಲ್ಲಿರುವುದು ಭಾರತೀಯ ಸಾಕ್ಷ್ಯ ಅಧಿನಿಯಮ, 2023. 2024ರ ಜುಲೈ 1ರಿಂದ ಅದು 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಬಂದಿದೆ. ಹಳೆಯ ಕಾಯ್ದೆಯನ್ನು ರಚಿಸಿದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ‘ಹಿಯರ್‌ಸೇ’ ಎಂಬ ಪದವನ್ನು ಅದರಲ್ಲಿ ಬಳಸಲೇ ಇಲ್ಲ. ಕೇಳಿದ ಮಾತು ನಡೆಯುವುದಿಲ್ಲ ಎಂದು ನಿಷೇಧಿಸುವ ಬದಲು ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು ಎಂದ. ಹಳೆಯದರ 60ನೇ ಕಲಮು, ಹೊಸದರ 55ನೇ ಕಲಮು ಹೇಳುವುದು ಇಷ್ಟು: ನೋಡಬಹುದಾದ ಸಂಗತಿಯಾದರೆ ನಾನು ನೋಡಿದೆ ಎನ್ನುವವನೇ ಬರಬೇಕು, ಕೇಳಬಹುದಾದ ಸಂಗತಿಯಾದರೆ ನಾನು ಕೇಳಿದೆ ಎನ್ನುವವನೇ ಬರಬೇಕು, ಬೇರೆ ಇಂದ್ರಿಯದಿಂದ ತಿಳಿಯುವಂಥದ್ದಾದರೆ ಹಾಗೆ ತಿಳಿದವನೇ ಬರಬೇಕು. ಅಭಿಪ್ರಾಯದ ವಿಷಯವಾದರೆ ಆ ಅಭಿಪ್ರಾಯ ಉಳ್ಳವನೇ ಬರಬೇಕು. ವಾಸ್ತವವಾಗಿ ಎಲ್ಲ ತೀರ್ಪುಗಳೂ ಈ ಕೆಲವು ಸಾಲುಗಳ ಸುತ್ತಲೇ ತಿರುಗುತ್ತವೆ.

ಜ್ಯೂರಿಯಲ್ಲಿ ಕೂರುವ ಸಾಮಾನ್ಯ ಜನ ಗಾಳಿಮಾತಿಗೆ ಮರುಳಾಗಬಾರದು ಎಂದೇ ಇಂಗ್ಲೆಂಡಿನಲ್ಲಿ ಈ ನಿಯಮ ಹುಟ್ಟಿತು ಎಂದು ಕೆಲವರು ಹೇಳುತ್ತಾರೆ. ಭಾರತದ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ, ನಿಯಮ ಮಾತ್ರ ಹಾಗೇ ಉಳಿಯಿತು. ಏಕೆ ಉಳಿಯಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಕಲ್ಯಾಣ್ ಕುಮಾರ್ ಗೊಗೊಯ್ ಪ್ರಕರಣದಲ್ಲಿ ವಿವರಿಸಿತು. ಅಸ್ಸಾಮಿನ ಚುನಾವಣೆಯೊಂದರಲ್ಲಿ ಮತಗಟ್ಟೆಯ ಜಾಗ ಬದಲಾಗಿತ್ತು. ಅದರಿಂದ ಅನೇಕರು ಮತ ಹಾಕದೆ ವಾಪಸು ಹೋದರು ಎಂಬುದು ಸೋತ ಅಭ್ಯರ್ಥಿಯ ವಾದ. ಆದರೆ ಹಾಗೆ ವಾಪಸು ಹೋದ ಮತದಾರರು ಬಂದು ಸಾಕ್ಷಿ ಹೇಳಲಿಲ್ಲ, ಅವರಿಂದ ಕೇಳಿದವರು ಹೇಳಿದರು. ಇಂಥ ಮಾತನ್ನು ಒಪ್ಪದಿರಲು ನ್ಯಾಯಾಲಯ ಕೊಟ್ಟ ಕಾರಣಗಳಲ್ಲಿ ಒಂದು ತುಂಬ ವ್ಯಾವಹಾರಿಕವಾದದ್ದು. ಕೇಳಿದ್ದನ್ನು ಹೇಳುವವನಿಗೆ ಹೊಣೆಯೇ ಇರುವುದಿಲ್ಲ. ಇಕ್ಕಟ್ಟಿಗೆ ಸಿಕ್ಕಿದಾಗ, ನನಗೇನು ಗೊತ್ತು, ಅವರು ಹಾಗೆ ಹೇಳಿದರು ಎಂದು ಜಾರಿಕೊಳ್ಳಲು ಬಾಗಿಲು ಸದಾ ತೆರೆದಿರುತ್ತದೆ. ಬಾಯಿಂದ ಬಾಯಿಗೆ ಹೋದಂತೆ ಸತ್ಯ ತೆಳುವಾಗುತ್ತದೆ, ಮೋಸಕ್ಕೆ ದಾರಿಯಾಗುತ್ತದೆ ಎಂಬುದು ಉಳಿದ ಕಾರಣಗಳು.

ಪೊಲೀಸರಿಗೆ ಈ ಕಟ್ಟುನಿಟ್ಟು ಇಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಠಾಣೆಗೆ ದೂರು ಕೊಡುವವನು ಘಟನೆಯನ್ನು ಕಂಡಿರಲೇಬೇಕೆಂದಿಲ್ಲ. ಯಾರೋ ಹೇಳಿದ್ದನ್ನು ಕೇಳಿ ಕೊಟ್ಟ ದೂರಿನ ಮೇಲೂ ಎಫ್‌ಐಆರ್ ದಾಖಲಾಗಬಹುದು, ತನಿಖೆ ನಡೆಯಬಹುದು. ಪಂಪ್‌ಸೆಟ್ಟಿನ ಉದಾಹರಣೆಯಲ್ಲಿ ಅಂಗಡಿಯವನ ಮಾತು ಪೊಲೀಸರಿಗೆ ಒಳ್ಳೆಯ ಸುಳಿವು, ಅವರು ಅದನ್ನು ಹಿಡಿದು ಆ ಹೆಂಗಸಿನ ಮನೆಗೆ ಹೋಗಬೇಕು. ಹೋಗದೆ ಅಂಗಡಿಯವನನ್ನೇ ಸಾಕ್ಷಿ ಪಟ್ಟಿಗೆ ಸೇರಿಸಿ ದೋಷಾರೋಪಪಟ್ಟಿ ಸಲ್ಲಿಸಿದರೆ ಪ್ರಕರಣ ವಿಚಾರಣೆಯಲ್ಲಿ ಕುಸಿಯುತ್ತದೆ. ಪತ್ರಿಕೆಗಳಲ್ಲಿ ‘ಸಾಕ್ಷ್ಯಾಧಾರಗಳ ಕೊರತೆಯಿಂದ ಖುಲಾಸೆ’ ಎಂದು ಬರುವ ಸುದ್ದಿಗಳ ಹಿಂದೆ ಎಷ್ಟೋ ಸಲ ಇರುವುದು ಇಂಥದೇ ಸೋಮಾರಿತನ. ತನಿಖಾಧಿಕಾರಿ ಕಟಕಟೆಗೆ ಬಂದು, ವಿಚಾರಿಸಿದಾಗ ಊರವರು ಇವನೇ ಕಳ್ಳ ಎಂದರು ಎಂದು ಹೇಳಿದರೆ ಅದಕ್ಕೂ ಬೆಲೆಯಿಲ್ಲ. ಖಾಕಿ ತೊಟ್ಟವನು ಕೇಳಿದರೂ ಕೇಳಿದ್ದು ಕೇಳಿದ್ದೇ.

ಹಾಗೆಂದು ಇನ್ನೊಬ್ಬರ ಮಾತನ್ನು ಕೋರ್ಟಿನಲ್ಲಿ ಹೇಳುವುದೆಲ್ಲ ನಿಷಿದ್ಧ ಎಂದು ತಿಳಿದರೆ ತಪ್ಪು. ಕಿರಿಯ ವಕೀಲರೂ ಇಲ್ಲಿ ಎಡವುವುದುಂಟು. ಮುಖ್ಯವಾದದ್ದು ಆ ಮಾತನ್ನು ಏನನ್ನು ಸಾಧಿಸಲು ತಂದಿದ್ದಾರೆ ಎಂಬುದು. 1956ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಮಲಯದಿಂದ ಸುಬ್ರಮಣಿಯಂ ಎಂಬಾತನ ಮೇಲ್ಮನವಿ ಬಂದಿತ್ತು. ಅಲ್ಲಿ ಆಗ ತುರ್ತು ಪರಿಸ್ಥಿತಿ, ಗುಂಡುಗಳನ್ನು ಇಟ್ಟುಕೊಂಡಿದ್ದರೆ ಮರಣದಂಡನೆ. ಗಾಯಗೊಂಡು ಬಿದ್ದಿದ್ದ ಅವನ ಬಳಿ ಗುಂಡುಗಳು ಸಿಕ್ಕಿದ್ದವು. ಉಗ್ರರು ನನ್ನನ್ನು ಹಿಡಿದಿದ್ದರು, ಅವರ ಬೆದರಿಕೆಗೆ ಅಂಜಿ ಹಾಗೆ ಮಾಡಿದೆ ಎಂಬುದು ಅವನ ವಾದ. ಉಗ್ರರು ಏನೆಂದರು ಎಂದು ಹೇಳಹೊರಟಾಗ ಕೆಳಗಿನ ನ್ಯಾಯಾಧೀಶರು, ಅವರೇ ಬಂದು ಹೇಳದ ಹೊರತು ಅದು ಅನುಶ್ರುತ ಎಂದು ತಡೆದುಬಿಟ್ಟರು. ಉಗ್ರರು ಕೋರ್ಟಿಗೆ ಬರುವುದುಂಟೇ! ಪ್ರಿವಿ ಕೌನ್ಸಿಲ್ ಆ ತಡೆಯನ್ನು ಒಪ್ಪಲಿಲ್ಲ. ಉಗ್ರರ ಮಾತು ನಿಜವೋ ಅಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಅಂಥ ಮಾತು ಅವನ ಕಿವಿಗೆ ಬಿತ್ತೇ, ಬಿದ್ದಿದ್ದರೆ ಅವನ ಮನಸ್ಸಿನ ಮೇಲೆ ಏನು ಪರಿಣಾಮವಾಯಿತು ಎಂಬುದೇ ಪ್ರಶ್ನೆ. ಮಾತು ಆಡಲಾಯಿತು ಎಂಬುದನ್ನು ಹೇಳಲು ಕೇಳಿದವನೇ ನೇರ ಸಾಕ್ಷಿ. ಅವನ ಶಿಕ್ಷೆ ರದ್ದಾಯಿತು.

ಇದೇ ತರ್ಕದಿಂದ, ಒಬ್ಬ ಮತ್ತೊಬ್ಬನನ್ನು ಹತ್ತು ಜನರ ಮುಂದೆ ‘ಕಳ್ಳ’ ಎಂದು ಬೈದದ್ದಕ್ಕೆ ಮಾನನಷ್ಟದ ದಾವೆ ನಡೆದರೆ ಆ ಬೈಗುಳವನ್ನು ಕೇಳಿದವರೆಲ್ಲ ಒಳ್ಳೆಯ ಸಾಕ್ಷಿಗಳೇ. ಅದೇ ಸಾಕ್ಷಿಗಳನ್ನು ಕಳವಿನ ಮೊಕದ್ದಮೆಗೆ ತಂದು, ಅವನು ಕಳ್ಳ ಎಂದು ಇಂಥವರು ಹೇಳಿದ್ದನ್ನು ಕೇಳಿದ್ದೇವೆ ಎಂದು ಹೇಳಿಸಿದರೆ ಅದು ನಿಲ್ಲುವುದಿಲ್ಲ.

ಮಾತಾಡಿದವನು ಸತ್ತುಹೋಗಿದ್ದರೆ ಏನು ಮಾಡಬೇಕು? ಕಟಕಟೆಗೆ ಕರೆಸುವ ದಾರಿಯೇ ಇಲ್ಲ. ಅವನ ಮಾತನ್ನೂ ಕೈಬಿಟ್ಟರೆ ಕೊಂದವನಿಗೇ ಅನುಕೂಲ, ಏಕೆಂದರೆ ಮುಖ್ಯ ಸಾಕ್ಷಿಯನ್ನು ಇಲ್ಲವಾಗಿಸಿದವನು ಅವನೇ. ಹೀಗಾಗಿ ಸತ್ತವನು ತನ್ನ ಸಾವಿನ ಕಾರಣದ ಬಗ್ಗೆ, ಅಥವಾ ಸಾವಿಗೆ ಎಡೆಮಾಡಿದ ಘಟನಾವಳಿಯ ಸಂದರ್ಭಗಳ ಬಗ್ಗೆ ಆಡಿದ ಮಾತನ್ನು ಕಾನೂನು ಒಪ್ಪುತ್ತದೆ. ಹಳೆಯ ಕಾಯ್ದೆಯ 32ನೇ ಕಲಮು ಇದು, ಹೊಸದರಲ್ಲಿ 26. ಸಂದರ್ಭಗಳು ಎಂಬ ಪದ ಎಲ್ಲಿಯವರೆಗೆ ಚಾಚುತ್ತದೆ ಎಂಬುದನ್ನು ತೀರ್ಮಾನಿಸಿದ್ದು 1939ರ ಪಾಕಲ ನಾರಾಯಣಸ್ವಾಮಿ ಪ್ರಕರಣ. ಎಂಬತ್ತು ವರ್ಷ ಕಳೆದ ಮೇಲೂ ಕೊಲೆ ಮೊಕದ್ದಮೆಗಳಲ್ಲಿ ಅದನ್ನು ಉದ್ಧರಿಸುತ್ತಾರೆ.

1937ರ ಮಾರ್ಚ್ 23ರಂದು ಪುರಿ ರೈಲು ನಿಲ್ದಾಣದಲ್ಲಿ ಮೂರನೇ ದರ್ಜೆಯ ಡಬ್ಬಿಯಲ್ಲಿ ವಾರಸುದಾರರಿಲ್ಲದ ಉಕ್ಕಿನ ಟ್ರಂಕು ಸಿಕ್ಕಿತು. ತೆರೆದರೆ ಒಳಗೆ ಏಳು ತುಂಡಾಗಿ ಕತ್ತರಿಸಿದ ಗಂಡಸಿನ ದೇಹ. ಸತ್ತವನು ಪೀಠಾಪುರದ ದಿವಾನರಲ್ಲಿ ಜವಾನನಾಗಿದ್ದವನು ಎಂದು ಗೊತ್ತಾಯಿತು. ದಿವಾನರ ಮಗಳು, ಅಂದರೆ ನಾರಾಯಣಸ್ವಾಮಿಯ ಹೆಂಡತಿ, ಹಿಂದಿನ ವರ್ಷ ಅವನಿಂದ ಶೇಕಡಾ 18ರ ಬಡ್ಡಿಗೆ 3,000 ರೂಪಾಯಿ ಸಾಲ ಪಡೆದಿದ್ದಳು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಗಂಡ ಹೆಂಡಿರಿದ್ದದ್ದು ಬರ್ಹಾಂಪುರದಲ್ಲಿ. ಸತ್ತವನ ಹೆಂಡತಿ ಕೋರ್ಟಿನಲ್ಲಿ ಹೇಳಿದ್ದು ಹೀಗೆ: ಮಾರ್ಚ್ 20ರಂದು ಗಂಡನಿಗೆ ಒಂದು ಕಾಗದ ಬಂತು. ಅದನ್ನು ತನಗೆ ತೋರಿಸಿ, ನಾರಾಯಣಸ್ವಾಮಿಯ ಹೆಂಡತಿ ಬರೆದಿದ್ದಾಳೆ, ಬಾಕಿ ಹಣ ತೆಗೆದುಕೊಂಡು ಹೋಗಲು ಕರೆದಿದ್ದಾಳೆ, ಬರ್ಹಾಂಪುರಕ್ಕೆ ಹೋಗುತ್ತೇನೆ ಎಂದ. ಮರುದಿನ ರೈಲು ಹಿಡಿಯಲು ಹೊರಟವನು ಮತ್ತೆ ಬರಲಿಲ್ಲ. ಆ ಕಾಗದಕ್ಕೆ ಸಹಿ ಇರಲಿಲ್ಲ.

ಹೆಂಡತಿಯ ಈ ಮಾತನ್ನು ಒಪ್ಪಬಹುದೇ? ಆರೋಪಿಯ ವಕೀಲರ ತಕರಾರು ಸುಲಭದಲ್ಲಿ ತಳ್ಳಿಹಾಕುವಂಥದ್ದಾಗಿರಲಿಲ್ಲ. ಆಕೆ ಕೇಳಿದ್ದು ಗಂಡನ ಬಾಯಿಂದ. ಅವನು ಆ ಮಾತಾಡುವಾಗ ಯಾರೂ ಅವನ ಮೈ ಮುಟ್ಟಿರಲಿಲ್ಲ, ಸಾಯುತ್ತೇನೆಂಬ ಶಂಕೆಯೂ ಅವನಿಗಿರಲಿಲ್ಲ, ಸಾಲ ವಸೂಲಿಗೆ ಹೊರಟಿದ್ದ ಅಷ್ಟೆ. ಇಂಗ್ಲೆಂಡಿನ ಕಾನೂನಿನಲ್ಲಾಗಿದ್ದರೆ ಈ ತಕರಾರು ಗೆಲ್ಲುತ್ತಿತ್ತು, ಅಲ್ಲಿ ಸಾಯುತ್ತೇನೆಂದು ಖಚಿತವಾಗಿ ತಿಳಿದವನ ಮಾತಿಗೆ ಮಾತ್ರ ಆ ಮಾನ್ಯತೆ. ಸಾಯುವವನು ಸುಳ್ಳಾಡುವುದಿಲ್ಲ ಎಂಬ ನಂಬಿಕೆ ಅದರ ಬುನಾದಿ. ಭಾರತದ ಕಾಯ್ದೆ ಮಾತ್ರ ಸಾವಿನ ನಿರೀಕ್ಷೆ ಇದ್ದರೂ ಇಲ್ಲದಿದ್ದರೂ ಆಗಬಹುದು ಎಂದು ಬರೆದೇ ಇಟ್ಟಿದೆ. ತೀರ್ಪು ಬರೆದ ಲಾರ್ಡ್ ಆಟ್ಕಿನ್ ಅದನ್ನು ಹಿಡಿದು ಗೆರೆ ಎಳೆದರು. ತನಗೆ ಯಾರೋ ಏನೋ ಮಾಡಿಯಾರು ಎಂಬ ಸಾಮಾನ್ಯ ಭಯ, ಅನುಮಾನ ಸಾಲದು. ಆದರೆ ಕೊಲೆಯಾದ ಜಾಗಕ್ಕೆ ಹೊರಟಿದ್ದೇನೆ, ಇಂಥ ಕಾರಣಕ್ಕೆ ಹೊರಟಿದ್ದೇನೆ, ಇಂಥವರು ಕರೆದಿದ್ದಾರೆ ಎಂಬ ಮಾತುಗಳು ಸಾವಿನೊಂದಿಗೆ ಹತ್ತಿರದ ಸಂಬಂಧವುಳ್ಳವು, ಆದ್ದರಿಂದ ಒಪ್ಪತಕ್ಕವು.

ಹಾಗೆ ಒಪ್ಪಿದ ಮಾತ್ರಕ್ಕೆ ಕೊಲೆ ಸಾಬೀತಾಗಲಿಲ್ಲ ಎಂಬುದು ಈ ಪ್ರಕರಣದ ಇನ್ನೊಂದು ಮುಖ. ಹೆಂಡತಿಯ ಮಾತಿನಿಂದ ಸಿದ್ಧವಾದದ್ದು ಅವನು ಬರ್ಹಾಂಪುರಕ್ಕೆ ಏಕೆ ಹೊರಟ ಎಂಬುದು ಮಾತ್ರ. ಸಾಲದ ವ್ಯವಹಾರಕ್ಕೆ ಸತ್ತವನ ಮನೆಯಲ್ಲಿ ಸಿಕ್ಕಿದ ಕಾಗದಗಳಿದ್ದವು. ಟ್ರಂಕು ಎಲ್ಲಿ ಕೊಂಡದ್ದು, ಆರೋಪಿಯ ಮನೆಯಿಂದ ನಿಲ್ದಾಣಕ್ಕೆ ಹೇಗೆ ಬಂತು ಎಂಬುದಕ್ಕೆ ಅದನ್ನು ಸಾಗಿಸಿದ ಜಟಕಾದವನೂ ಸೇರಿ ಕಣ್ಣಾರೆ ಕಂಡವರಿದ್ದರು. ಪೊಲೀಸರ ಮುಂದೆ ಆರೋಪಿಯೇ ಸತ್ತವನು ತನ್ನ ಮನೆಗೆ ಬಂದಿದ್ದ ಎಂದು ಹೇಳಿದ್ದ. ಆ ಹೇಳಿಕೆಯನ್ನು ಪ್ರಿವಿ ಕೌನ್ಸಿಲ್ ಬೇರೆ ಕಾನೂನಿನ ಕಾರಣಕ್ಕೆ ಕೈಬಿಟ್ಟಿತು, ಆದರೂ ಉಳಿದ ಸಾಕ್ಷ್ಯದ ಮೇಲೆ ಶಿಕ್ಷೆ ನಿಂತಿತು.

ಮರಣಪೂರ್ವ ಹೇಳಿಕೆ ಎಂದು ಜನ ಸಾಮಾನ್ಯವಾಗಿ ಕರೆಯುವುದು ಈ ವಿನಾಯಿತಿಯ ಒಂದು ರೂಪ. ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದವರ ಬಳಿಗೆ ತಹಶೀಲ್ದಾರರು ಬಂದು, ವೈದ್ಯರಿಂದ ಪ್ರಜ್ಞೆಯ ಸ್ಥಿತಿ ತಿಳಿದು, ಪ್ರಶ್ನೋತ್ತರ ರೂಪದಲ್ಲಿ ಬರೆದುಕೊಳ್ಳುವುದು ಕರ್ನಾಟಕದಲ್ಲಿ ರೂಢಿ. ಹಾಗೆ ಬರೆದುಕೊಳ್ಳಲೇಬೇಕೆಂದಿಲ್ಲ, ನೆರೆಮನೆಯವರಿಗೆ ಹೇಳಿದ ಮಾತೂ ಸಲ್ಲುತ್ತದೆ. ನಂಬಲರ್ಹ ಎನಿಸಿದರೆ ಅದೊಂದರ ಮೇಲೆಯೇ ಶಿಕ್ಷೆ ವಿಧಿಸಬಹುದು ಎಂದು ಸುಪ್ರೀಂ ಕೋರ್ಟ್ 1958ರ ಖುಷಾಲ್ ರಾವ್ ಪ್ರಕರಣದಲ್ಲಿ ಹೇಳಿದೆ. ಪಾಟೀ ಸವಾಲಿಗೆ ಸಿಗದ ಮಾತು ಇದೂ. ಆ ಕೊರತೆಯನ್ನು ತುಂಬಲು ನ್ಯಾಯಾಧೀಶರು ಬೇರೆ ಕಡೆಯಿಂದ ಅಳೆಯುತ್ತಾರೆ: ಹೇಳುವಾಗ ಪಕ್ಕದಲ್ಲಿ ಯಾರಿದ್ದರು, ಯಾರಾದರೂ ಹೇಳಿಕೊಟ್ಟರೇ, ಒಂದಕ್ಕಿಂತ ಹೆಚ್ಚು ಹೇಳಿಕೆಗಳಿದ್ದರೆ ಅವು ಒಂದಕ್ಕೊಂದು ಹೊಂದುತ್ತವೆಯೇ, ಅಷ್ಟು ಸುಟ್ಟ ದೇಹದಿಂದ ಅಷ್ಟು ಉದ್ದದ ಮಾತು ಬಂದೀತೇ ಎಂದು.

ಈ ವಿನಾಯಿತಿಯ ಮಿತಿ ಗೊತ್ತಾಗಬೇಕಾದರೆ ಹೇಳಿಕೆ ಕೊಟ್ಟವರು ಬದುಕಿದ ಪ್ರಕರಣ ನೋಡಬೇಕು. 1993ರಲ್ಲಿ ಆಂಧ್ರದ ಚಿಲಕಲೂರಿಪೇಟೆಯ ಬಳಿ ದರೋಡೆಗೆಂದು ಬಸ್ಸಿಗೆ ಬೆಂಕಿಯಿಟ್ಟು 23 ಪ್ರಯಾಣಿಕರನ್ನು ಕೊಂದ ಘಟನೆ ನಡೆಯಿತು. ಆಸ್ಪತ್ರೆಯಲ್ಲಿದ್ದ ಗಾಯಾಳುಗಳು ಉಳಿಯಲಾರರು ಎಂದು ಮ್ಯಾಜಿಸ್ಟ್ರೇಟರು ಅವರ ಹೇಳಿಕೆ ಬರೆದುಕೊಂಡರು. ಹಾಗೆ ಹೇಳಿಕೆ ಕೊಟ್ಟ ಇಬ್ಬರು ಬದುಕುಳಿದು ಕೋರ್ಟಿಗೂ ಬಂದರು. ಆಗ ಆ ಬರಹದ ಗತಿಯೇನು? ಮಾತಾಡಿದವರು ಎದುರಿಗೇ ಇರುವುದರಿಂದ ಸತ್ತವರ ಮಾತಿನ ವಿನಾಯಿತಿ ತಾನಾಗಿಯೇ ಬಿದ್ದುಹೋಯಿತು. ಘಟನೆಯ ಭಾಗವಾಗಿಯೇ ಹೊಮ್ಮಿದ ಮಾತು ಎಂಬ ಇನ್ನೊಂದು ವಿನಾಯಿತಿಗೆ ಅದನ್ನು ಸೇರಿಸಲು ಪ್ರಯತ್ನ ನಡೆಯಿತು. ಗುಂಡು ತಗುಲಿದವನು ಅಲ್ಲೇ, ಆಗಲೇ, ಇಂಥವನು ಹೊಡೆದ ಎಂದು ಕೂಗಿಕೊಂಡರೆ ಆ ಕೂಗನ್ನು ಕೇಳಿದವನು ಬಂದು ಹೇಳಬಹುದು. ಕಥೆ ಕಟ್ಟಲು ಪುರುಸೊತ್ತಿಲ್ಲದ ಹೊತ್ತಿನ ಮಾತು ಅದು ಎಂಬುದು ಅಲ್ಲಿನ ನೆಲೆ. ಬಸ್ಸಿನ ಘಟನೆಗೂ ಮ್ಯಾಜಿಸ್ಟ್ರೇಟರ ಬರವಣಿಗೆಗೂ ನಡುವೆ ಗಣನೀಯ ಅಂತರವಿತ್ತು, ಆದ್ದರಿಂದ ಇದೂ ಸಲ್ಲದು ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವರು ಕಟಕಟೆಯಲ್ಲಿ ನಿಂತು ನುಡಿದ ಸಾಕ್ಷ್ಯಕ್ಕೆ ಬೆಂಬಲವಾಗಿ, ಇಲ್ಲವೇ ಅದನ್ನು ಖಂಡಿಸಲು ಮಾತ್ರ ಆ ಬರಹವನ್ನು ಬಳಸಬಹುದಿತ್ತು.

ಹೆಚ್ಚು ನೋವಿನ ಗೊಂದಲ ಇರುವುದು ವರದಕ್ಷಿಣೆ ಕಿರುಕುಳದ ಪ್ರಕರಣಗಳಲ್ಲಿ. ಗಂಡನ ಮನೆಯ ನಾಲ್ಕು ಗೋಡೆಗಳ ಒಳಗೆ ನಡೆದದ್ದನ್ನು ಕಂಡವರು ಇರುವುದಿಲ್ಲ. ಮಗಳು ಹಬ್ಬಕ್ಕೆ ಬಂದಾಗ ತಾಯಿಯ ಬಳಿ ಅತ್ತು ಹೇಳಿಕೊಂಡದ್ದು, ಫೋನಿನಲ್ಲಿ ಅಕ್ಕನಿಗೆ ಹೇಳಿದ್ದು, ಬರೆದ ಪತ್ರ, ಇಷ್ಟೇ ಉಳಿದಿರುತ್ತದೆ. ಮಗಳು ಸತ್ತ ಮೇಲೆ ತಾಯಿ ತಂದೆಯರ ಸಾಕ್ಷ್ಯವೆಲ್ಲ ಅವಳು ಹಾಗೆಂದಳು ಎಂಬ ರೂಪದ್ದೇ. ಸಾವಿಗೆ ಸಂಬಂಧಿಸಿದ ಆರೋಪಕ್ಕೆ ಆ ಮಾತು ಸಲ್ಲಬಹುದು. ಆದರೆ ಆ ಆರೋಪ ಬಿದ್ದುಹೋಗಿ ಕಿರುಕುಳದ ಆರೋಪ ಮಾತ್ರ ಉಳಿದರೆ, ಅಲ್ಲಿ ಸಾವೇ ಪ್ರಶ್ನೆಯಲ್ಲದ ಕಾರಣ ಮಗಳ ಮಾತು ಬರೀ ಕೇಳಿಕೆ ಎಂದು 2001ರಲ್ಲಿ ಇಂದರ್‌ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತ್ತು. ತರ್ಕಕ್ಕೆ ಸರಿ, ಫಲ ಮಾತ್ರ ಕಟು. 2022ರಲ್ಲಿ ಸುರೇಂದ್ರನ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಸಡಿಲಿಸಿತು. ವಿಚಾರಣೆಯಲ್ಲಿ ಸಾವಿನ ಕಾರಣ ಚರ್ಚೆಗೆ ಬಂದಿದ್ದು, ಹೇಳಲಾದ ಕಿರುಕುಳ ಆ ಸಾವಿಗೆ ಕಾರಣವಾದ ಘಟನಾವಳಿಯ ಸಂದರ್ಭವೆಂದು ಪ್ರಾಸಿಕ್ಯೂಷನ್ ತೋರಿಸಿದರೆ ಕಿರುಕುಳದ ಆರೋಪಕ್ಕೂ ಆ ಮಾತು ಸಲ್ಲುತ್ತದೆ. ಬದುಕಿರುವ ಹೆಂಡತಿಯ ದೂರಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ, ಅಲ್ಲಿ ಆಕೆಯೇ ಬಂದು ಹೇಳಬೇಕು.

ಸಿವಿಲ್ ದಾವೆಗಳಲ್ಲಿ ಬೇರೆ ಬಗೆಯ ಸಡಿಲಿಕೆಗಳಿವೆ. ಪಾಲು ವಿಭಾಗದ ದಾವೆಯಲ್ಲಿ ಮುತ್ತಜ್ಜನಿಗೆ ಎಷ್ಟು ಮಕ್ಕಳು, ಯಾರು ಹಿರಿಯ ಹೆಂಡತಿಯ ಮಗ ಎಂಬುದಕ್ಕೆ ಪ್ರತ್ಯಕ್ಷ ಸಾಕ್ಷಿ ಎಲ್ಲಿಂದ ಬರಬೇಕು? ಸಂಬಂಧವನ್ನು ಬಲ್ಲ, ಈಗ ತೀರಿಹೋಗಿರುವ ಹಿರಿಯರು ಆಡಿದ ಮಾತನ್ನು ಅಲ್ಲಿ ಒಪ್ಪುತ್ತಾರೆ. ಷರತ್ತು ಒಂದೇ, ವ್ಯಾಜ್ಯ ಹುಟ್ಟುವುದಕ್ಕೆ ಮುಂಚೆ ಆ ಮಾತು ಆಡಿರಬೇಕು. ಆಸ್ತಿಯ ಜಗಳ ಶುರುವಾದ ಮೇಲೆ ಬರೆಸಿದ ವಂಶವೃಕ್ಷದಲ್ಲಿ ಕೊಂಬೆಗಳು ಬೇಕಾದ ಕಡೆ ಬೆಳೆಯುತ್ತವೆ ಎಂಬುದು ತಾಲ್ಲೂಕು ಕೋರ್ಟಿನ ವಕೀಲರಿಗೆಲ್ಲ ಗೊತ್ತು.

ಅಚ್ಚಾದ ಮಾತಿಗೆ ಹೆಚ್ಚು ಬೆಲೆ ಎಂಬ ಭಾವನೆ ಜನರಲ್ಲಿದೆ, ಕೋರ್ಟಿನಲ್ಲಿ ಅದು ನಡೆಯುವುದಿಲ್ಲ. ಮದ್ರಾಸಿನ ಬ್ಯಾಂಕ್ ಶಾಖೆಯೊಂದರ ದರೋಡೆ ಮತ್ತು ಕೊಲೆಗೆ ಸಂಬಂಧಿಸಿದ ಲಕ್ಷ್ಮೀರಾಜ್ ಶೆಟ್ಟಿ ಪ್ರಕರಣದಲ್ಲಿ ಪತ್ರಿಕಾ ವರದಿಗಳನ್ನು ಆಧಾರವಾಗಿ ಮುಂದಿಟ್ಟಾಗ, ವರದಿಯಲ್ಲಿರುವ ಸಂಗತಿ ಕೇಳಿಕೆಯೇ, ಬೇರೆ ಸಾಕ್ಷ್ಯದಿಂದ ಅದು ಸಾಬೀತಾಗಬೇಕು ಎಂದು 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವರದಿಗಾರ ಬಂದರೂ ಅವನು ಕಂಡದ್ದಕ್ಕೆ ಮಾತ್ರ ಸಾಕ್ಷಿ. ಪೊಲೀಸ್ ಅಧಿಕಾರಿ ಹೇಳಿದ್ದನ್ನು ಅವನು ಬರೆದಿದ್ದರೆ ಮತ್ತೆ ಅದೇ ಸುತ್ತು.

ಮೊಬೈಲಿನ ಕಾಲದಲ್ಲಿ ಇದೇ ತಪ್ಪು ಹೊಸ ವೇಷದಲ್ಲಿ ಬರುತ್ತಿದೆ. ವಾಟ್ಸ್‌ಆ್ಯಪ್ ಸಂದೇಶವನ್ನು ಮುದ್ರಿಸಿ, ಹೊಸ ಕಾಯ್ದೆಯ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸಿದರೆ ಒಳಗಿರುವುದೆಲ್ಲ ಸಾಬೀತಾದಂತೆ ಎಂದು ಕಕ್ಷಿದಾರರು ನಂಬುತ್ತಾರೆ. ಆ ಪ್ರಮಾಣಪತ್ರ ಹೇಳುವುದು ಇದು ಇಂಥ ಸಾಧನದಿಂದ ತೆಗೆದ ಪ್ರತಿ ಎಂದು ಮಾತ್ರ. ಆರೋಪಿಯೇ ಕಳಿಸಿದ ಬೆದರಿಕೆಯಾದರೆ ಅಷ್ಟರಿಂದ ಬಹಳ ದೂರ ಹೋಗಬಹುದು, ಬೆದರಿಕೆ ಹಾಕಿದ್ದೇ ಅಲ್ಲಿ ಅಪರಾಧ, ಅದು ಅವನದೇ ಮಾತು. ಮೂರನೆಯವನು ಮತ್ತೊಬ್ಬರಿಗೆ ಬರೆದ, ‘ನಿನ್ನೆ ರಾತ್ರಿ ಅವನೇ ಪಂಪು ಕದ್ದ’ ಎಂಬ ಸಂದೇಶವಾದರೆ ಪ್ರತಿ ಎಷ್ಟೇ ಅಸಲಿಯಾಗಿದ್ದರೂ ಬರೆದವನು ಕಟಕಟೆಗೆ ಬರಬೇಕು. ಅದು ಮುಂದಕ್ಕೆ ಕಳಿಸಿದ ಸಂದೇಶವಾಗಿದ್ದರೆ ಮೊದಲು ಬರೆದವನು ಯಾರೆಂದೇ ಎಷ್ಟೋ ಸಲ ತಿಳಿಯುವುದಿಲ್ಲ.

ಇಂಗ್ಲೆಂಡ್ ತಾನೇ ಬೆಳೆಸಿದ ಈ ನಿಯಮವನ್ನು ಈಚೆಗೆ ಬಹಳ ಸಡಿಲಿಸಿದೆ. 1995ರ ಕಾಯ್ದೆಯ ನಂತರ ಅಲ್ಲಿನ ಸಿವಿಲ್ ಪ್ರಕರಣಗಳಲ್ಲಿ ಕೇಳಿಕೆ ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ತಳ್ಳುವಂತಿಲ್ಲ, ಅದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದನ್ನು ನ್ಯಾಯಾಧೀಶರು ನಿರ್ಧರಿಸುತ್ತಾರೆ. 2003ರ ಕಾಯ್ದೆ ಕ್ರಿಮಿನಲ್ ಪ್ರಕರಣಗಳಲ್ಲೂ ಬಾಗಿಲನ್ನು ಸ್ವಲ್ಪ ಅಗಲಿಸಿತು. ಭಾರತ 2023ರಲ್ಲಿ ಕಾಯ್ದೆಯನ್ನು ಹೊಸದಾಗಿ ಬರೆಯುವಾಗ ಆ ಹಾದಿ ಹಿಡಿಯಲಿಲ್ಲ. ಕಲಮುಗಳ ಸಂಖ್ಯೆ ಬದಲಾಯಿತು, ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು ಎಂಬ ಸ್ಟೀಫನ್ನನ ನಿಯಮ ಹಾಗೇ ಉಳಿಯಿತು.